ಕೈಯಲ್ಲಿ ಉಬ್ಬಿ ಕಾಣುವುದು ನರವೇ? ಶರೀರರಚನೆಯ ಕನ್ನಡ ಪದಗಳನ್ನು ಮಕ್ಕಳಿಗೆ ಕಲಿಸುವ ಬಗೆ

ಪ್ರಶ್ನೆ: ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಗೆ ಜೀವವಿಜ್ಞಾನ ಹೇಳಿಕೊಡುತ್ತೇನೆ. ಅಪಧಮನಿ, ಅಭಿಧಮನಿ, ನರ, ಸ್ನಾಯುರಜ್ಜು ಎಂಬ ಪದಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಅಂಗೈಯ ಹಿಂಬದಿಯಲ್ಲಿ ಉಬ್ಬಿರುವುದು ಏನೆಂದು ಕೇಳಿದರೆ ಎಲ್ಲರೂ ‘ನರ’ ಎನ್ನುತ್ತಾರೆ. ಬೇರೆ ಪದಗಳನ್ನು ಬಳಸಬೇಕೇ, ಇಂಗ್ಲಿಷ್ ಪದಗಳನ್ನೇ ಹೇಳಿಕೊಡಬೇಕೇ, ಅಥವಾ ಕಲಿಸುವ ರೀತಿಯೇ ಬೇರೆ ಇದೆಯೇ?

ಉತ್ತರ: ಪದಗಳನ್ನು ಹಾಗೆಯೇ ಇಟ್ಟುಕೊಳ್ಳಿ, ಕಲಿಸುವ ಕ್ರಮವನ್ನು ಬದಲಿಸಿ. ನಿಮ್ಮ ವಿದ್ಯಾರ್ಥಿಗಳು ಕೊಟ್ಟ ಉತ್ತರ ಪಠ್ಯದ ದೃಷ್ಟಿಯಿಂದ ತಪ್ಪಾದರೂ ಅವರು ಮನೆಯಲ್ಲಿ ಕೇಳಿ ಬೆಳೆದ ಕನ್ನಡದ ಮಟ್ಟಿಗೆ ಸರಿಯಾಗಿಯೇ ಇದೆ, ಮತ್ತು ಇಡೀ ತೊಡಕಿನ ಬೇರು ಇರುವುದು ಅಲ್ಲಿಯೇ. ಆಡುಮಾತಿನಲ್ಲಿ ನರವೆಂದರೆ ಚರ್ಮದ ಕೆಳಗೆ ಎಳೆಯಾಗಿ ಹಾದುಹೋಗುವ ಯಾವುದೇ ವಸ್ತು. ರಕ್ತ ತೆಗೆಯುವವರು ‘ನರ ಸಿಗುತ್ತಿಲ್ಲ’ ಎಂದಾಗ ಅವರು ಹುಡುಕುತ್ತಿರುವುದು ಅಭಿಧಮನಿಯನ್ನು. ಭಾರ ಎತ್ತಿದವರು ‘ನರ ಎಳೆದುಬಿಟ್ಟಿದೆ’ ಎಂದಾಗ ನೋಯುತ್ತಿರುವುದು ಹೆಚ್ಚಿನ ಸಲ ಸ್ನಾಯು ಅಥವಾ ಸ್ನಾಯುರಜ್ಜು. ‘ನರದೌರ್ಬಲ್ಯ’ ಎಂಬ ಮಾತಿನಲ್ಲಿ ಮಾತ್ರ ಪಠ್ಯಪುಸ್ತಕದ ನರ ಇಣುಕುತ್ತದೆ. ತಮಿಳಿನ ನರಂಬು, ತೆಲುಗಿನ ನರಮು ಎಂಬ ಪದಗಳಿಗೂ ಹೀಗೆಯೇ ಹರಡಿಕೊಂಡ ಅರ್ಥವಿದೆ. ಗ್ರೀಕರ ‘ನ್ಯೂರಾನ್’ ಎಂಬ ಪದ ಕೂಡ ಮೊದಲು ಹುರಿಯಂತಹ ಸ್ನಾಯುರಜ್ಜುವನ್ನು ಹೇಳುತ್ತಿತ್ತು. ಮಿದುಳಿನ ಸುದ್ದಿ ಒಯ್ಯುವ ತಂತು ಎಂಬ ಅರ್ಥ ಅದಕ್ಕೆ ಕೂಡಿಕೊಂಡದ್ದು ಆಮೇಲೆ. ಹಾಗಾಗಿ ಇದನ್ನು ಕನ್ನಡದ ಬಡತನವೆಂದು ಭಾವಿಸಬೇಕಾಗಿಲ್ಲ.

ಆದರೆ ತರಗತಿಯಲ್ಲಿ ಈ ಎರಡು ಅರ್ಥಗಳು ಬೆರೆತರೆ ಆಗುವ ಹಾನಿ ಸಣ್ಣದಲ್ಲ. ಮಗುವಿನ ಮನಸ್ಸಿನಲ್ಲಿ ನರವೆಂದರೆ ರಕ್ತ ಹರಿಯುವ ಕೊಳವೆ ಎಂಬ ಚಿತ್ರ ಮೊದಲೇ ಕೂತಿರುತ್ತದೆ. ನರಮಂಡಲದ ಪಾಠ ಬಂದಾಗ ‘ನರಗಳು ಸಂದೇಶವನ್ನು ಒಯ್ಯುತ್ತವೆ’ ಎಂದು ನೀವು ಹೇಳಿದರೆ ಮಗು ಅದನ್ನು ಆ ಹಳೆಯ ಚಿತ್ರಕ್ಕೆ ಸೇರಿಸಿಕೊಂಡು, ರಕ್ತದ ಜೊತೆಗೆ ಸಂದೇಶವೂ ಹರಿಯುತ್ತದೆ ಎಂದು ಅರ್ಥಮಾಡಿಕೊಳ್ಳುತ್ತದೆ. ‘ಬಿಸಿ ಪಾತ್ರೆ ಮುಟ್ಟಿದಾಗ ಕೈ ಹೇಗೆ ಹಿಂದೆ ಸರಿಯುತ್ತದೆ? ನಿಮ್ಮದೇ ಮಾತಿನಲ್ಲಿ ಬರೆಯಿರಿ’ ಎಂದು ಕೇಳಿ ನೋಡಿ. ಪರಾವರ್ತಿತ ಚಾಪದ ವ್ಯಾಖ್ಯೆಯನ್ನು ತಡೆಯಿಲ್ಲದೆ ಒಪ್ಪಿಸುವ ವಿದ್ಯಾರ್ಥಿಯೂ ಇಲ್ಲಿ ‘ಬಿಸಿ ರಕ್ತದಲ್ಲಿ ಸೇರಿ ನರದ ಮೂಲಕ ಮಿದುಳಿಗೆ ಹೋಗುತ್ತದೆ’ ಎಂಬಂಥ ಉತ್ತರ ಬರೆಯಬಹುದು. ವ್ಯಾಖ್ಯೆಯನ್ನು ಬರೆಯಿಸುವ ಪ್ರಶ್ನೆಗಳಲ್ಲಿ ಈ ದೋಷ ಹೊರಬೀಳುವುದೇ ಇಲ್ಲ, ಏಕೆಂದರೆ ಅಲ್ಲಿ ಮಗು ಪಠ್ಯದ ವಾಕ್ಯವನ್ನು ಎತ್ತಿ ಇಡುತ್ತದೆಯೇ ಹೊರತು ತನ್ನ ಮನಸ್ಸಿನ ಚಿತ್ರವನ್ನು ತೋರಿಸುವುದಿಲ್ಲ.

ಹಾಗಾದರೆ ನರವೆಂಬ ಪದವನ್ನು ಕೈಬಿಟ್ಟು ಹೊಸದೊಂದನ್ನು ತರಬಹುದಲ್ಲವೇ ಎಂಬ ಯೋಚನೆ ಸಹಜ. ನನ್ನ ಅಭಿಪ್ರಾಯದಲ್ಲಿ ಅದು ಬೇಡ. ನರಮಂಡಲ, ನರಕೋಶ, ನರತಂತು, ನರರೋಗ ತಜ್ಞ ಎಂಬ ಇಡೀ ಪದಕುಟುಂಬ ಆ ಒಂದು ಪದದ ಮೇಲೆ ನಿಂತಿದೆ. ಪಠ್ಯಪುಸ್ತಕ, ಪರೀಕ್ಷೆ, ಪತ್ರಿಕೆ ಎಲ್ಲೆಡೆ ಅದೇ ಬಳಕೆಯಲ್ಲಿದೆ. ಇಲ್ಲಿ ಮಾಡಬೇಕಾದದ್ದು ಎರಡು ಬಳಕೆಗಳನ್ನು ಮಕ್ಕಳ ಕಣ್ಣೆದುರೇ ಬೇರ್ಪಡಿಸುವುದು. ಮನೆಯಲ್ಲಿ ಹಾಗೆ ಅನ್ನಬಾರದು ಎಂದು ತಿದ್ದುವುದೂ ಬೇಡ. ಅಜ್ಜಿ ‘ನರ’ ಎಂದಾಗ ಅದು ಇವುಗಳಲ್ಲಿ ಯಾವುದು ಎಂದು ಗುರುತಿಸುವ ಶಕ್ತಿ ಮಗುವಿಗೆ ಬಂದರೆ ಸಾಕು.

ಇದಕ್ಕೆ ಬೇಕಾದ ಉಪಕರಣವೆಂದರೆ ಪ್ರತಿಯೊಬ್ಬರ ಬಳಿಯೂ ಇರುವ ಕೈ. ಮೊಣಕೈಯಿಂದ ಬೆರಳಿನ ತುದಿಯವರೆಗಿನ ಭಾಗದಲ್ಲಿ ಈ ನಾಲ್ಕೂ ರಚನೆಗಳು ಕಣ್ಣಿಗೋ ಬೆರಳಿಗೋ ಅನುಭವಕ್ಕೋ ಸಿಗುತ್ತವೆ. ಒಂದೊಂದನ್ನೂ ಪರೀಕ್ಷಿಸಿ ಗುರುತಿಸಿದ ಮೇಲೆಯೇ ಅದರ ಹೆಸರನ್ನು ಹೇಳಬೇಕು. ಪದವನ್ನು ಮೊದಲು ಕೊಟ್ಟು ಆಮೇಲೆ ವಸ್ತುವನ್ನು ತೋರಿಸಿದರೆ ಮಗು ಪದದ ಸದ್ದನ್ನು ಹಿಡಿದುಕೊಳ್ಳುತ್ತದೆ. ವಸ್ತುವನ್ನು ಮೊದಲು ಬೇರ್ಪಡಿಸಿಕೊಂಡರೆ ಅದಕ್ಕೊಂದು ಹೆಸರು ಬೇಕು ಎಂದು ತಾನೇ ಕೇಳುತ್ತದೆ. ಎರಡು ಅವಧಿಗಳು ಇದಕ್ಕೆ ಬೇಕಾಗುತ್ತವೆ.

ಮೊದಲ ಅವಧಿಯನ್ನು ಅಂಗೈಯ ಹಿಂಬದಿಯಿಂದ ಆರಂಭಿಸಿ. ಎಲ್ಲರೂ ಒಂದು ಕೈಯನ್ನು ಒಂದೆರಡು ನಿಮಿಷ ಕೆಳಗೆ ಇಳಿಬಿಡಲಿ, ಆಮೇಲೆ ಅದೇ ಕೈಯನ್ನು ಮೇಜಿನ ಮೇಲಿಟ್ಟು ನೋಡಲಿ. ಎರಡು ಬಗೆಯ ಉಬ್ಬುಗೆರೆಗಳು ಕಾಣುತ್ತವೆ, ಆದರೆ ಮಕ್ಕಳು ಮೊದಲ ನೋಟಕ್ಕೆ ಎರಡನ್ನೂ ನರವೆಂದೇ ಕರೆಯುತ್ತಾರೆ. ಹಾಗೆಯೇ ಕರೆಯಲಿ, ಕಪ್ಪುಹಲಗೆಯ ಮೇಲೆ ಆ ಪದವನ್ನು ನೀವೂ ಬರೆಯಿರಿ. ಈಗ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಎತ್ತಿ ಇಳಿಸಲು ಹೇಳಿ. ಕೆಲವು ಗೆರೆಗಳು ಬೆರಳಿನ ಜೊತೆಗೆ ಎದ್ದು ಬಿಗಿಯಾಗುತ್ತವೆ. ಅವು ಮಣಿಕಟ್ಟಿನಿಂದ ಬೆರಳಿನ ಗೆಣ್ಣಿನವರೆಗೆ ನೇರವಾಗಿವೆ, ಒತ್ತಿದರೆ ಗಟ್ಟಿಯಾಗಿವೆ, ಕವಲೊಡೆಯುವುದಿಲ್ಲ. ಉಳಿದ ಗೆರೆಗಳು ಬೆರಳು ಆಡಿದರೂ ಸುಮ್ಮನಿರುತ್ತವೆ. ಅವು ಅಂಕುಡೊಂಕಾಗಿ ಹರಿದು ಒಂದಕ್ಕೊಂದು ಕೂಡಿಕೊಂಡಿವೆ, ಮೆತ್ತಗಿವೆ, ಒತ್ತಿದರೆ ಚಪ್ಪಟೆಯಾಗುತ್ತವೆ, ಮತ್ತು ಕೈಯನ್ನು ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಕುಗ್ಗಿಹೋಗುತ್ತವೆ.

ಈ ಎರಡು ಗುಂಪುಗಳನ್ನು ಮಕ್ಕಳೇ ಬೇರ್ಪಡಿಸಿದ ಮೇಲೆ ಮೊದಲನೆಯದಕ್ಕೆ ಸ್ನಾಯುರಜ್ಜು ಎಂದು ಹೆಸರು ಕೊಡಿ. ರಜ್ಜು ಎಂದರೆ ಹಗ್ಗ, ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗ ಎಂದು ಬಿಡಿಸಿ ಹೇಳಿದರೆ ಪದ ತಾನಾಗಿ ಕೂರುತ್ತದೆ. ಬೆರಳನ್ನು ಎತ್ತುವ ಸ್ನಾಯು ಬೆರಳಿನಲ್ಲಿಲ್ಲ, ಬಹುಪಾಲು ಮುಂಗೈಯಲ್ಲಿದೆ ಎಂಬುದನ್ನು ಈ ಹಂತದಲ್ಲೇ ತೋರಿಸಬಹುದು: ಒಂದು ಕೈಯ ಬೆರಳುಗಳನ್ನು ಆಡಿಸುತ್ತಾ ಇನ್ನೊಂದು ಕೈಯಿಂದ ಅದೇ ಮುಂಗೈಯನ್ನು ಮೊಣಕೈಯ ಹತ್ತಿರ ಹಿಡಿದರೆ ಒಳಗೆ ಸ್ನಾಯು ಆಡುವುದು ತಿಳಿಯುತ್ತದೆ. ಅಲ್ಲಿ ಎಳೆದರೆ ಇಲ್ಲಿ ಬೆರಳು ಏಳುತ್ತದೆ, ನಡುವೆ ಇರುವುದು ಹಗ್ಗ. ಇದನ್ನು ಕೈಯಾರೆ ಕಂಡ ಮಗು ಸ್ನಾಯುರಜ್ಜುವನ್ನು ಇನ್ನೊಮ್ಮೆ ರಕ್ತನಾಳವೆಂದು ಭಾವಿಸುವುದು ಅಪರೂಪ.

ಇನ್ನೊಂದು ಜಾಗವೆಂದರೆ ಮಣಿಕಟ್ಟಿನ ಒಳಬದಿ. ಹೆಬ್ಬೆರಳು ಮತ್ತು ಕಿರುಬೆರಳುಗಳ ತುದಿಗಳನ್ನು ಸೇರಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿದರೆ ನಡುವೆ ಒಂದು ಹುರಿ ಎದ್ದು ನಿಲ್ಲುತ್ತದೆ. ಅದೂ ಸ್ನಾಯುರಜ್ಜುವೇ. ಕೆಲವರಿಗೆ ಇದು ಹುಟ್ಟಿನಿಂದಲೇ ಇರುವುದಿಲ್ಲ. ಕೆಲವರಲ್ಲಿ ಒಂದು ಕೈಯಲ್ಲಿದ್ದು ಇನ್ನೊಂದರಲ್ಲಿ ಇರುವುದಿಲ್ಲ. ಕಾಣಿಸದ ಮಗು ಗಾಬರಿಪಡದಂತೆ, ಇದು ಇಲ್ಲದಿದ್ದರೂ ಕೈಯ ಬಳಕೆಗೆ ತೊಂದರೆಯಿಲ್ಲ ಎಂದು ಮೊದಲೇ ಹೇಳಿಬಿಡಿ.

ಸ್ನಾಯು ಎಂಬ ಪದದ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕನ್ನಡದ ಪಠ್ಯಗಳಲ್ಲಿ ಸ್ನಾಯುವೆಂದರೆ ಮಾಂಸಖಂಡ. ಆದರೆ ಹಿಂದಿಯ ಪಠ್ಯಗಳಲ್ಲಿ ಅದೇ ಪದ ಮೂಳೆಗೂ ಮೂಳೆಗೂ ನಡುವಣ ಬಂಧಕ್ಕೆ, ಅಂದರೆ ನಾವು ಅಸ್ಥಿರಜ್ಜು ಎನ್ನುವುದಕ್ಕೆ ಬಳಕೆಯಾಗುತ್ತದೆ. ಸಂಸ್ಕೃತದ ಹಳೆಯ ಅರ್ಥವೂ ಆ ಕಡೆಗೇ ವಾಲುತ್ತದೆ. ಸಂಸ್ಕೃತ ಮೂಲದ ಪದವಾದ್ದರಿಂದ ಎಲ್ಲ ಭಾಷೆಗಳಲ್ಲೂ ಒಂದೇ ಅರ್ಥವಿರುತ್ತದೆ ಎಂದು ನಂಬಿ ಬೇರೆ ಭಾಷೆಯ ಚಾರ್ಟನ್ನೋ ಪದಕೋಶವನ್ನೋ ಕನ್ನಡಕ್ಕೆ ಇಳಿಸಿಕೊಂಡರೆ ಇಲ್ಲಿ ಎಡವುತ್ತೇವೆ.

ಅಂಗೈಯ ಹಿಂಬದಿಯಲ್ಲಿ ಮೆತ್ತಗೆ ಸಿಕ್ಕ ಗೆರೆಗಳಿಗೆ ಸದ್ಯಕ್ಕೆ ರಕ್ತನಾಳ ಎಂದಷ್ಟೇ ಹೆಸರಿಡಿ. ಅಪಧಮನಿ, ಅಭಿಧಮನಿ ಎಂಬ ವಿಂಗಡಣೆ ಇನ್ನೂ ಬೇಡ. ಮುಂದಿನ ಕೆಲಸ ನಾಡಿ ಹಿಡಿಯುವುದು. ಮಣಿಕಟ್ಟಿನ ಒಳಬದಿಯಲ್ಲಿ ಹೆಬ್ಬೆರಳಿನ ಬುಡದ ಕೆಳಗೆ, ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳುಗಳನ್ನು ಹಗುರವಾಗಿ ಇಟ್ಟರೆ ಮಿಡಿತ ಸಿಗುತ್ತದೆ. ಹೆಬ್ಬೆರಳಿನಿಂದ ಹಿಡಿಯಬಾರದು, ಏಕೆಂದರೆ ಅದರಲ್ಲೇ ಮಿಡಿತವಿರುವುದರಿಂದ ಯಾರದನ್ನು ಎಣಿಸುತ್ತಿದ್ದೇವೆ ಎಂಬ ಗೊಂದಲವಾಗುತ್ತದೆ. ತುಂಬಾ ಒತ್ತಿದರೂ ಮಿಡಿತ ನಿಂತಂತಾಗುತ್ತದೆ, ಆಗ ಬೆರಳನ್ನು ಸಡಿಲಿಸಬೇಕು. ಈಗ ಅದೇ ಬೆರಳುಗಳನ್ನು ಅಂಗೈಯ ಹಿಂಬದಿಯ ಉಬ್ಬಿದ ನಾಳದ ಮೇಲೆ ಇಡಲು ಹೇಳಿ. ಅಲ್ಲಿ ಮಿಡಿತವಿಲ್ಲ. ಕಣ್ಣಿಗೆ ಕಾಣುವ ನಾಳ ಮಿಡಿಯುವುದಿಲ್ಲ, ಮಿಡಿಯುವ ನಾಳ ಕಣ್ಣಿಗೆ ಕಾಣುವುದಿಲ್ಲ ಎಂಬ ಈ ವ್ಯತ್ಯಾಸವನ್ನು ಮಕ್ಕಳು ತಾವಾಗಿಯೇ ಹೇಳುವವರೆಗೆ ಕಾಯಿರಿ. ರಕ್ತನಾಳಗಳಲ್ಲಿ ಎರಡು ಬಗೆ ಇರಬೇಕು ಎಂಬ ಅಗತ್ಯ ಅಲ್ಲಿಂದಲೇ ಹುಟ್ಟುತ್ತದೆ.

ಉಳಿದದ್ದು ನಿಜವಾದ ನರ. ಅದನ್ನು ಚರ್ಮದ ಮೇಲಿಂದ ನೋಡಲಾಗುವುದಿಲ್ಲ, ಆದರೆ ಪ್ರತಿಯೊಂದು ಮಗುವಿಗೂ ಅದರ ಅನುಭವವಿದೆ. ಮೊಣಕೈಯ ಒಳಬದಿಯ ಮೂಳೆಯ ಉಬ್ಬಿಗೂ ಮೊಣಕೈಯ ತುದಿಗೂ ನಡುವೆ ಒಂದು ತಗ್ಗು ಇದೆ. ಆ ತಗ್ಗಿನಲ್ಲಿ ಒಂದು ನರ ಮೂಳೆಗೆ ಒತ್ತಿಕೊಂಡು, ಮೇಲೆ ಹೆಚ್ಚಿನ ರಕ್ಷಣೆಯಿಲ್ಲದೆ ಹಾದುಹೋಗುತ್ತದೆ. ಮೊಣಕೈ ಬೆಂಚಿಗೆ ತಗುಲಿದಾಗ ‘ಕರೆಂಟ್ ಹೊಡೆದ ಹಾಗೆ’ ಆಗುವುದು ಇದರಿಂದಲೇ. ಆ ಝುಮ್ಮೆನ್ನುವಿಕೆ ಎಲ್ಲಿಗೆ ಹೋಯಿತು ಎಂದು ಕೇಳಿದರೆ ನೆನಪಿರುವ ಮಕ್ಕಳು ಕಿರುಬೆರಳನ್ನು ತೋರಿಸುತ್ತಾರೆ; ಉಂಗುರದ ಬೆರಳಿನ ಒಂದು ಪಕ್ಕಕ್ಕೂ ಅದು ಹರಡುತ್ತದೆ. ಪೆಟ್ಟು ಬಿದ್ದದ್ದು ಮೊಣಕೈಗೆ, ಅನುಭವವಾದದ್ದು ಬೆರಳಿನಲ್ಲಿ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಅಲ್ಲಿ ಏನೂ ಉಬ್ಬಲಿಲ್ಲ, ರಕ್ತ ಬರಲಿಲ್ಲ, ಮಿಡಿಯಲಿಲ್ಲ. ತರಗತಿಯಲ್ಲಿ ಯಾರೂ ಮೊಣಕೈಯನ್ನು ಬಡಿದುಕೊಳ್ಳಬೇಕಾಗಿಲ್ಲ. ನೆನಪನ್ನು ಕೆದಕಿದರೆ ಸಾಕು, ಬೇಕಿದ್ದರೆ ಆ ತಗ್ಗನ್ನು ಬೆರಳಿನಿಂದ ಮೆಲ್ಲಗೆ ತಡವಿ ನೋಡಬಹುದು. ಕಾಲು ಮಡಿಸಿ ಕೂತು ಜೋಮು ಹಿಡಿದ ಅನುಭವವನ್ನೂ ಇದಕ್ಕೆ ಸೇರಿಸಬಹುದು, ಅಲ್ಲಿಯೂ ಒತ್ತಡಕ್ಕೆ ಸಿಕ್ಕಿದ್ದು ನರವೇ.

ಈ ಹಂತದಲ್ಲಿ ಹಲಗೆಯ ಮೇಲೆ ಬರೆದಿಟ್ಟ ‘ನರ’ ಎಂಬ ಪದಕ್ಕೆ ಮರಳಿ. ಅದರ ಕೆಳಗೆ ಮೂರು ಕವಲು ಹಾಕಿ: ಬೆರಳಿನ ಜೊತೆ ಆಡುವುದು ಸ್ನಾಯುರಜ್ಜು, ಒತ್ತಿದರೆ ಚಪ್ಪಟೆಯಾಗುವುದು ಅಥವಾ ಮಿಡಿಯುವುದು ರಕ್ತನಾಳ, ಕಾಣದೆ ಝುಮ್ಮೆನಿಸುವುದು ನರ. ಮನೆಯ ಮಾತಿನಲ್ಲಿ ಮೂರಕ್ಕೂ ಮೇಲಿನ ಪದವೇ ಸಲ್ಲುತ್ತದೆ, ವಿಜ್ಞಾನದ ಉತ್ತರದಲ್ಲಿ ಕೊನೆಯ ಕವಲಿಗೆ ಮಾತ್ರ ಎಂದು ಹೇಳಿ. ವಿದ್ಯಾರ್ಥಿ ತನ್ನ ಪುಸ್ತಕದಲ್ಲಿಯೂ ಹೀಗೆಯೇ ಬರೆದುಕೊಂಡರೆ ಎರಡು ಬಳಕೆಗಳ ಸಂಬಂಧ ಅಲ್ಲಿ ಉಳಿಯುತ್ತದೆ.

ಎರಡನೆಯ ಅವಧಿ ಅಪಧಮನಿ ಮತ್ತು ಅಭಿಧಮನಿಗಳಿಗೆ ಮೀಸಲು. ಈ ಜೋಡಿ ಪದಗಳನ್ನು ಹಲವರು ದೂರುತ್ತಾರೆ, ಅದಕ್ಕೆ ಕಾರಣವೂ ಇದೆ: ಕಿವಿಗೆ ಎರಡೂ ಒಂದೇ ರೀತಿ ಕೇಳುತ್ತವೆ, ಮಹಾಪ್ರಾಣವನ್ನು ಒತ್ತಿ ಉಚ್ಚರಿಸದ ಕಡೆ ಇನ್ನೂ ಹೆಚ್ಚು. ಆದರೂ ಅರ್ಥದ ದೃಷ್ಟಿಯಿಂದ ನೋಡಿದರೆ ಇವು ಇಂಗ್ಲಿಷಿನ ಆರ್ಟರಿ, ವೇನ್ ಎಂಬ ಪದಗಳಿಗಿಂತ ಹೆಚ್ಚು ಹೇಳುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ಅಪ’ ಎಂದರೆ ಆಚೆಗೆ, ದೂರಕ್ಕೆ. ‘ಅಭಿ’ ಎಂದರೆ ಕಡೆಗೆ, ಎದುರಿಗೆ. ಅಪಹರಣದಲ್ಲಿ ವಸ್ತು ಆಚೆ ಹೋಗುತ್ತದೆ, ಅಭಿಮುಖದಲ್ಲಿ ಮುಖ ಈ ಕಡೆಗಿರುತ್ತದೆ. ಹೃದಯವನ್ನು ನಡುವೆ ಇಟ್ಟುಕೊಂಡರೆ ರಕ್ತವನ್ನು ಆಚೆಗೆ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ವ್ಯಾಖ್ಯೆ ಪದದ ಒಳಗೇ ಇದೆ. ಇದನ್ನು ಬಿಡಿಸಿ ಹೇಳದೆ ಪದವನ್ನು ಇಡಿಯಾಗಿ ಕೊಟ್ಟಾಗ ಮಾತ್ರ ಅದು ಬರಿಯ ಸದ್ದಾಗಿ ಉಳಿಯುತ್ತದೆ.

ಇಲ್ಲಿ ಒಂದು ಅಡ್ಡದಾರಿಯನ್ನು ಮುಚ್ಚಬೇಕು. ಮಕ್ಕಳಿಗೆ ‘ಅಪ’ ಎಂದರೆ ಅಪಮಾನ, ಅಪಘಾತ, ಅಪಕೀರ್ತಿ ನೆನಪಾಗುತ್ತವೆ, ಅಂದರೆ ಕೆಟ್ಟದ್ದು. ಹಾಗಾಗಿ ಅಪಧಮನಿಯಲ್ಲಿ ಕೆಟ್ಟ ರಕ್ತ ಹರಿಯುತ್ತದೆ ಎಂದು ಊಹಿಸಿಬಿಡುತ್ತಾರೆ. ಹಳೆಯ ಬರಹಗಳಲ್ಲಿದ್ದ ಶುದ್ಧ ರಕ್ತನಾಳ, ಅಶುದ್ಧ ರಕ್ತನಾಳ ಎಂಬ ಹೆಸರುಗಳು ಈ ಊಹೆಗೆ ಇನ್ನಷ್ಟು ಬಲ ಕೊಡುತ್ತವೆ, ಅದೂ ತಿರುಗುಮುರುಗಾಗಿ. ಆ ಹೆಸರುಗಳನ್ನು ಬಳಸಲೇಬೇಡಿ. ಅಭಿಧಮನಿಯ ರಕ್ತ ಕೊಳಕಲ್ಲ; ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು, ಅಷ್ಟೇ. ಚಿತ್ರಗಳಲ್ಲಿ ಅದಕ್ಕೆ ನೀಲಿ ಬಣ್ಣ ಹಚ್ಚುವುದು ಗುರುತಿಗಾಗಿ ಮಾತ್ರ, ನಿಜದಲ್ಲಿ ಅದು ಕಡುಗೆಂಪು. ಪರೀಕ್ಷೆಗೆ ರಕ್ತ ಕೊಟ್ಟವರು ಸಿರಿಂಜಿನಲ್ಲಿ ಕಂಡ ಬಣ್ಣ ಅದೇ.

ದಿಕ್ಕಿನ ಈ ಅರ್ಥವನ್ನು ಮಕ್ಕಳು ತಮ್ಮ ಕೈಯಲ್ಲೇ ಕಾಣಬಹುದು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಪರಿಚಲನೆಯನ್ನು ವಿವರಿಸಿದಾಗ ಮುಂದಿಟ್ಟ ಸಾಕ್ಷ್ಯಗಳಲ್ಲಿ ಒಂದು ಮುಂಗೈಯ ನಾಳಗಳ ಮೇಲೆ ಬೆರಳಿನಿಂದ ಮಾಡುವ ಪ್ರಯೋಗ. ಆತ ತೋಳಿಗೆ ಪಟ್ಟಿ ಬಿಗಿದು ನಾಳಗಳನ್ನು ಉಬ್ಬಿಸಿಕೊಂಡಿದ್ದ. ತರಗತಿಯಲ್ಲಿ ಹಗ್ಗ, ಪಟ್ಟಿ, ರಿಬ್ಬನ್ ಯಾವುದನ್ನೂ ಕಟ್ಟಲು ಬಿಡಬೇಡಿ. ಕೈಯನ್ನು ಎರಡು ನಿಮಿಷ ಇಳಿಬಿಟ್ಟು ಮುಷ್ಟಿಯನ್ನು ಕೆಲವು ಬಾರಿ ಬಿಗಿದು ಬಿಚ್ಚಿದರೆ ಬೇಕಾದಷ್ಟು ಉಬ್ಬುತ್ತದೆ. ತಣ್ಣನೆಯ ಕೈಯಲ್ಲಿ ನಾಳಗಳು ಕುಗ್ಗಿರುತ್ತವೆ, ಆದ್ದರಿಂದ ಮೊದಲು ಅಂಗೈಗಳನ್ನು ಉಜ್ಜಿಕೊಳ್ಳಲಿ. ಎಲ್ಲರ ಕೈಯಲ್ಲೂ ಕಾಣಬೇಕೆಂದಿಲ್ಲ. ನಾಳಗಳು ಚೆನ್ನಾಗಿ ಉಬ್ಬುವ, ಒಪ್ಪಿಗೆಯಿರುವ ಒಂದೆರಡು ಮಕ್ಕಳ ಕೈಯನ್ನು ಸುತ್ತಲೂ ನಿಂತು ಎಲ್ಲರೂ ನೋಡಿದರೆ ಸಾಕು, ನಿಮ್ಮ ಕೈಯೂ ಆಗಬಹುದು.

ಕೈ ಇಳಿಬಿಟ್ಟಿರುವಾಗಲೇ ಮುಂಗೈಯಲ್ಲಿ ಅಥವಾ ಅಂಗೈಯ ಹಿಂಬದಿಯಲ್ಲಿ ಕವಲಿಲ್ಲದ, ಕೆಲವು ಸೆಂಟಿಮೀಟರ್ ನೇರವಾಗಿರುವ ಒಂದು ನಾಳವನ್ನು ಆರಿಸಿಕೊಳ್ಳಿ. ಬೆರಳುಗಳ ಕಡೆಯ ತುದಿಯಲ್ಲಿ ಒಂದು ಬೆರಳನ್ನು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳನ್ನು ಅದರ ಪಕ್ಕದಲ್ಲೇ ಇಟ್ಟು, ನಾಳವನ್ನು ಒತ್ತುತ್ತಾ ಮೊಣಕೈಯ ದಿಕ್ಕಿಗೆ ಸವರಿಕೊಂಡು ಹೋಗಿ. ನಾಳ ಬರಿದಾಗಿ ಚಪ್ಪಟೆಯಾಗುತ್ತದೆ. ಈಗ ಮೇಲಿನ ಬೆರಳನ್ನು ತೆಗೆಯಿರಿ, ಕೆಳಗಿನದನ್ನು ಬಿಡಬೇಡಿ. ಮೇಲ್ಭಾಗದ ರಕ್ತ ಸ್ವಲ್ಪ ದೂರ ಇಳಿದು ಒಂದು ಜಾಗದಲ್ಲಿ ನಿಂತುಬಿಡುತ್ತದೆ, ಅಲ್ಲಿಂದ ಕೆಳಗೆ ನಾಳ ಖಾಲಿಯಾಗಿಯೇ ಉಳಿಯುತ್ತದೆ. ಅದು ನಿಂತ ಜಾಗದಲ್ಲಿ ಕವಾಟವಿದೆ. ಇನ್ನು ಕೆಳಗಿನ ಬೆರಳನ್ನು ಎತ್ತಿದ ಕೂಡಲೇ ಖಾಲಿಯಾಗಿದ್ದ ಭಾಗ ಬೆರಳುಗಳ ಕಡೆಯಿಂದ ತುಂಬಿಕೊಳ್ಳುತ್ತದೆ. ಅಂದರೆ ಈ ನಾಳದಲ್ಲಿ ರಕ್ತ ಬೆರಳಿನಿಂದ ಮೊಣಕೈಯ ಕಡೆಗೆ, ಮುಂದೆ ಹೃದಯದ ಕಡೆಗೆ ಮಾತ್ರ ಸಾಗುತ್ತದೆ. ಹೃದಯಕ್ಕೆ ಅಭಿಮುಖವಾದ ನಾಳ, ಅಭಿಧಮನಿ.

ಪ್ರಯೋಗ ಕೆಲವೊಮ್ಮೆ ಕೈಕೊಡುತ್ತದೆ. ಕೆಳಗಿನ ಬೆರಳನ್ನು ಎತ್ತುವ ಮೊದಲೇ ನಾಳ ನಡುವಿನಿಂದ ತುಂಬಿಕೊಂಡರೆ ಅಲ್ಲಿ ಕಾಣದ ಕವಲೊಂದು ಸೇರುತ್ತಿದೆ ಎಂದು ಅರ್ಥ. ಮೇಲಿನ ಬೆರಳು ತೆಗೆದ ಕೂಡಲೇ ಪೂರ್ತಿ ತುಂಬಿದರೆ ನೀವು ಆರಿಸಿದ ತುಂಡಿನಲ್ಲಿ ಕವಾಟ ಇಲ್ಲದಿರಬಹುದು. ಎರಡೂ ಸಂದರ್ಭದಲ್ಲಿ ಇನ್ನೊಂದು ನಾಳವನ್ನು ಹುಡುಕಿ. ಇದನ್ನು ಮಕ್ಕಳ ಮುಂದೆ ಮಾಡುವ ಮೊದಲು ನಿಮ್ಮ ಕೈಯಲ್ಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಸರಿಯಾದ ತುಂಡು ಸಿಗಲು ಹೊತ್ತು ಹಿಡಿಯುತ್ತದೆ.

ಅಪಧಮನಿಯನ್ನು ಹೀಗೆ ಬರಿದು ಮಾಡಿ ತೋರಿಸಲಾಗುವುದಿಲ್ಲ, ಅದು ಆಳದಲ್ಲಿದೆ, ಗೋಡೆ ದಪ್ಪ, ಒಳಗಿನ ಒತ್ತಡ ಹೆಚ್ಚು. ಅದರ ಸಾಕ್ಷಿ ನಾಡಿಯೇ. ಹೃದಯ ಒಮ್ಮೆ ಸಂಕುಚಿಸಿದಾಗ ಹೊರಟ ಒತ್ತಡದ ಅಲೆ ಅಪಧಮನಿಯ ಗೋಡೆಯನ್ನು ಉಬ್ಬಿಸಿ ಮುಂದೆ ಸಾಗುತ್ತದೆ, ಲೋಮನಾಳಗಳನ್ನು ದಾಟುವಷ್ಟರಲ್ಲಿ ಆ ಅಲೆ ಅಡಗಿಹೋಗುವುದರಿಂದ ಅಭಿಧಮನಿಯಲ್ಲಿ ಮಿಡಿತ ಸಿಗುವುದಿಲ್ಲ. ಮೊದಲ ಅವಧಿಯಲ್ಲಿ ಬೆರಳಿಗೆ ಸಿಕ್ಕ ವ್ಯತ್ಯಾಸಕ್ಕೆ ಕಾರಣ ಇಲ್ಲಿ ದೊರೆಯುತ್ತದೆ. ಪತ್ರಿಕೆಗಳಲ್ಲಿ ಬರುವ ‘ಧಮನಿ’ ಎಂಬ ಬಿಡಿ ಪದವೂ ಬಹುತೇಕ ಅಪಧಮನಿಯನ್ನೇ ಹೇಳುತ್ತದೆ ಎಂದು ತಿಳಿಸಿ, ಆದರೆ ತರಗತಿಯಲ್ಲಿ ಪೂರ್ತಿ ಪದವನ್ನೇ ಬಳಸಿ. ಇಲ್ಲವಾದರೆ ಅಪ, ಅಭಿ ಎಂಬ ಜೋಡಿಯ ಲಾಭ ಕೈತಪ್ಪುತ್ತದೆ.

ಪದದ ಅರ್ಥ ಕೂತಿದೆಯೇ ಎಂದು ನೋಡಲು ಶ್ವಾಸಕೋಶದ ನಾಳಗಳಿಗಿಂತ ಒಳ್ಳೆಯ ಒರೆಗಲ್ಲು ಇಲ್ಲ. ಅಪಧಮನಿಯಲ್ಲಿ ಆಮ್ಲಜನಕಯುಕ್ತ ರಕ್ತವಿರುತ್ತದೆ ಎಂದು ಕಲಿತ ಮಗುವಿಗೆ ಪುಪ್ಪುಸಕ ಅಪಧಮನಿ ಒಂದು ವಿಚಿತ್ರ ಅಪವಾದ, ಅದನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕು. ದಿಕ್ಕಿನಿಂದ ಕಲಿತ ಮಗುವಿಗೆ ಅಲ್ಲಿ ಅಪವಾದವೇ ಇಲ್ಲ. ಬಲ ಹೃತ್ಕುಕ್ಷಿಯಿಂದ ಹೊರಟು ಶ್ವಾಸಕೋಶಕ್ಕೆ ಹೋಗುವ ನಾಳ ಹೃದಯದಿಂದ ಆಚೆ ಹೋಗುತ್ತಿದೆ, ಆದ್ದರಿಂದ ಅಪಧಮನಿ. ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಬರುವ ನಾಳ ಹೃದಯದ ಕಡೆಗೆ ಬರುತ್ತಿದೆ, ಆದ್ದರಿಂದ ಅಭಿಧಮನಿ. ರಕ್ತ ಶ್ವಾಸಕೋಶವನ್ನು ಇನ್ನೂ ಮುಟ್ಟದಿರುವಾಗ ಅದರಲ್ಲಿ ಆಮ್ಲಜನಕ ಕಡಿಮೆ, ಮುಟ್ಟಿ ಬಂದ ಮೇಲೆ ಹೆಚ್ಚು ಎಂಬುದನ್ನು ಮಗು ತಾನೇ ಲೆಕ್ಕಹಾಕಿಕೊಳ್ಳುತ್ತದೆ. ಪುಪ್ಪುಸವೆಂದರೆ ಶ್ವಾಸಕೋಶವೇ ಎಂಬುದನ್ನು ಮೊದಲು ಹೇಳಿ, ಆರಂಭದಲ್ಲಿ ‘ಶ್ವಾಸಕೋಶದ ಅಪಧಮನಿ’ ಎಂದೇ ಬಳಸಿ, ಚಿತ್ರ ಬರೆಯುವ ಹೊತ್ತಿಗೆ ಪಠ್ಯದ ಪದಕ್ಕೆ ಬನ್ನಿ. ಚುರುಕಾದ ವಿದ್ಯಾರ್ಥಿ ಯಾರಾದರೂ, ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ನಾಳವನ್ನು ಏಕೆ ಅಭಿಧಮನಿ ಎನ್ನುತ್ತಾರೆ, ಅದು ಹೃದಯವನ್ನು ಸೇರುವುದೇ ಇಲ್ಲವಲ್ಲ ಎಂದು ಕೇಳಬಹುದು. ಅದು ನೇರವಾಗಿ ಸೇರುವುದಿಲ್ಲ ನಿಜ, ಆದರೆ ಕರುಳಿನಿಂದ ಹೃದಯಕ್ಕೆ ಮರಳುವ ದಾರಿಯಲ್ಲೇ ಇದೆ, ನಡುವೆ ಯಕೃತ್ತಿನಲ್ಲಿ ಇನ್ನೊಮ್ಮೆ ಸಣ್ಣ ನಾಳಗಳಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತದೆ ಎಂದು ಉತ್ತರಿಸಿ.

ಇಂಗ್ಲಿಷ್ ಪದಗಳ ವಿಷಯಕ್ಕೆ ಬರುತ್ತೇನೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವ ಕನ್ನಡ ಮಾಧ್ಯಮದ ಮಕ್ಕಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಓದಬೇಕಾಗುತ್ತದೆ, ಆಸ್ಪತ್ರೆಯ ಮಾತೂ ಇಂಗ್ಲಿಷ್ ಪದಗಳಿಂದಲೇ ತುಂಬಿದೆ. ಹಾಗಾಗಿ ಆರ್ಟರಿ, ವೇನ್, ನರ್ವ್, ಟೆಂಡನ್ ಎಂಬುವನ್ನು ಕೊಡದೆ ಇರುವುದು ಸರಿಯಲ್ಲ. ಆದರೆ ಕೊಡುವ ಹೊತ್ತು ಮುಖ್ಯ. ಕೈಯ ಪರೀಕ್ಷೆ, ಕನ್ನಡದ ಹೆಸರು, ಆ ಹೆಸರಿನ ಬಿಡಿಸಿದ ಅರ್ಥ, ಇಷ್ಟೂ ಮುಗಿದ ಮೇಲೆ ಎರಡನೆಯ ಅವಧಿಯ ಕೊನೆಯಲ್ಲಿ ಹಲಗೆಯ ಮೇಲೆ ಪ್ರತಿಯೊಂದರ ಎದುರಿಗೆ ಇಂಗ್ಲಿಷ್ ಪದವನ್ನು ಬರೆಯಿರಿ. ಆಗ ಅದು ತಿಳಿದ ವಸ್ತುವಿಗೆ ಎರಡನೆಯ ಹೆಸರಾಗುತ್ತದೆ. ಆರಂಭದಲ್ಲೇ ಎರಡು ಭಾಷೆಯ ಪದಗಳನ್ನು ಒಟ್ಟಿಗೆ ಸುರಿದರೆ ಮಗು ನಾಲ್ಕು ವಸ್ತುಗಳಿಗೆ ಎಂಟು ಸದ್ದುಗಳನ್ನು ಹೊಂದಿಸಲು ಒದ್ದಾಡುತ್ತದೆ. ಇಂಗ್ಲಿಷಿನಿಂದಲೇ ಆರಂಭಿಸುವುದರಲ್ಲೂ ಲಾಭವಿಲ್ಲ, ಏಕೆಂದರೆ ಮಗು ವೇನ್ ಎಂಬ ಪದವನ್ನು ಕೂಡ ಮನಸ್ಸಿನಲ್ಲಿ ‘ನರ’ ಎಂದೇ ಅನುವಾದಿಸಿಕೊಂಡು ಹಳೆಯ ಗೊಂದಲಕ್ಕೇ ಮರಳುತ್ತದೆ.

ಮೌಲ್ಯಮಾಪನದಲ್ಲಿ ಎರಡು ವಿಷಯಗಳನ್ನು ಗಮನದಲ್ಲಿಡಿ. ‘ಅಬಿಧಮನಿ’ ಎಂದು ಮಹಾಪ್ರಾಣ ಬಿಟ್ಟು ಬರೆದ ಮಗು ದಿಕ್ಕನ್ನು ಸರಿಯಾಗಿ ಹೇಳಿದ್ದರೆ ನಿಮ್ಮ ಕಿರುಪರೀಕ್ಷೆಗಳಲ್ಲಿ ಅದಕ್ಕಾಗಿ ಅಂಕ ಕಡಿಯಬೇಡಿ, ಅಕ್ಷರವನ್ನು ತಿದ್ದಿ ತೋರಿಸಿ. ದಿಕ್ಕೇ ತಪ್ಪಿದ್ದರೆ ಕಾಗುಣಿತ ಎಷ್ಟೇ ಸರಿಯಿದ್ದರೂ ಪಾಠಕ್ಕೆ ಮರಳಬೇಕು. ಇನ್ನು ಉತ್ತರದಲ್ಲಿ ‘ನರ’ ಎಂದು ಬಂದಾಗ ಅದನ್ನು ಕೆಂಪು ಗೆರೆ ಎಳೆದು ಬಿಡುವ ಬದಲು ‘ಇದು ಆಡುತ್ತದೆಯೇ, ಮಿಡಿಯುತ್ತದೆಯೇ, ಝುಮ್ಮೆನ್ನುತ್ತದೆಯೇ?’ ಎಂದು ಪಕ್ಕದಲ್ಲಿ ಬರೆದು ಮಗುವೇ ಪದವನ್ನು ಬದಲಿಸುವಂತೆ ಮಾಡಿ.

ಮೂರ್ನಾಲ್ಕು ವಾರಗಳ ನಂತರ, ನರಮಂಡಲದ ಪಾಠ ಮುಗಿದ ಮೇಲೆ, ಬಿಸಿ ಪಾತ್ರೆಯ ಪ್ರಶ್ನೆಯನ್ನು ಮತ್ತೆ ಕೊಡಿ. ಉತ್ತರದಲ್ಲಿ ಇನ್ನೂ ರಕ್ತ ಕಾಣಿಸಿಕೊಂಡರೆ ಪದವನ್ನು ತಿದ್ದುವುದರಿಂದ ಪ್ರಯೋಜನವಿಲ್ಲ, ಕಾಲದ ಲೆಕ್ಕವನ್ನು ಮುಂದಿಡಿ. ವಿಶ್ರಾಂತಿಯಲ್ಲಿರುವ ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ, ಹೃದಯ ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟನ್ನೇ ತಳ್ಳುತ್ತದೆ, ಹಾಗಾಗಿ ರಕ್ತಕ್ಕೆ ಒಂದು ಸುತ್ತು ಮುಗಿಸಲು ಒಂದು ನಿಮಿಷದ ಆಸುಪಾಸು ಬೇಕು. ಬಿಸಿ ತಗುಲಿದ ಕೈ ಹಿಂದೆ ಸರಿಯುವುದು ಒಂದು ಸೆಕೆಂಡಿಗಿಂತಲೂ ಬೇಗ. ವೇಗದ ನರತಂತುಗಳಲ್ಲಿ ಸಂದೇಶ ಸೆಕೆಂಡಿಗೆ 100 ಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ಚುರುಕಾದ ನೋವಿನ ಸುದ್ದಿ ಒಯ್ಯುವ ತೆಳುವಾದ ತಂತುಗಳಲ್ಲಿ ಇದಕ್ಕಿಂತ ಬಹಳ ನಿಧಾನ, ಆದರೂ ಸೆಕೆಂಡಿಗೆ ಹಲವು ಮೀಟರ್. ಬೆರಳಿನಿಂದ ಮಿದುಳುಬಳ್ಳಿಗೆ ಒಂದು ಮೀಟರ್ ದೂರವೂ ಇಲ್ಲ. ಈ ಸುದ್ದಿಯನ್ನು ರಕ್ತ ಒಯ್ದಿರಲು ಸಾಧ್ಯವೇ ಎಂದು ಕೇಳಿ, ಲೆಕ್ಕವನ್ನು ಮಕ್ಕಳೇ ಮಾಡಲಿ.